ರೀಫಂಡ್ ಫಾರ್ಮ್ ಕೇಳೋದು ನಿಮ್ಮ ಹೆಸರಲ್ಲ, ಖಾತೆಯ ಹೆಸರು

ನಮ್ಮ ಚಿಕ್ಕಮ್ಮ ಒಂದು ಪ್ರಯಾಣದ ಬುಕಿಂಗ್ ರದ್ದು ಮಾಡಿದ್ದರು. ರೀಫಂಡ್ ಎರಡು ಸಲ ವಾಪಸ್ ಹೋಯಿತು. ಖಾತೆ ನಂಬರ್ ಸರಿ ಇದೆ ಅಂತ ಅವರದು ಒಂದೇ ಹಟ. ನಂಬರ್ ನಿಜಕ್ಕೂ ಸರಿ ಇತ್ತು. ತಪ್ಪಿದ್ದದ್ದು ಹೆಸರಲ್ಲಿ.

ಫಾರ್ಮ್‌ನಲ್ಲಿ 'ಹೆಸರು' ಅಂತಷ್ಟೇ ಇತ್ತು. ಗುರುತಿನ ಚೀಟಿಯಲ್ಲಿ ಇರುವ ಹಾಗೆ ಅವರು VIMALA S ಅಂತ ತುಂಬಿದ್ದರು. ಪಾಸ್‌ಬುಕ್ ತೆಗೆದು ನೋಡಿದರೆ SRINIVAS VIMALA ಅಂತಿತ್ತು. ನಮ್ಮ ಕಣ್ಣಿಗೆ ಎರಡೂ ಒಬ್ಬರೇ. ಅಕ್ಷರಕ್ಕೆ ಅಕ್ಷರ ಹೋಲಿಸುವ ಸಾಫ್ಟ್‌ವೇರ್‌ಗೆ ಬೇರೆ ಬೇರೆ ಮನುಷ್ಯರು. ಇದರಲ್ಲಿ ಚಿಕ್ಕಮ್ಮನ ತಪ್ಪೇನೂ ಇಲ್ಲ ಅಂತ ನನ್ನ ಅಭಿಪ್ರಾಯ. 'ಬ್ಯಾಂಕ್ ದಾಖಲೆಯಲ್ಲಿ ಇರುವಂತೆ' ಅಂತ ಮೂರು ಪದ ಹಾಕೋಕೆ ಫಾರ್ಮ್ ಮಾಡಿದವರಿಗೇನು ಕಷ್ಟ?

ಇನ್ನೊಂದು ಎಡವಟ್ಟು ಎರಡನೇ ಸಲ ಆಯಿತು. ಹೆಸರು ತಿದ್ದಿದರು, ಆದರೆ ಖಾತೆಯ ಬಗೆಯಲ್ಲಿ 'ಕರೆಂಟ್' ಒತ್ತಿ, ಅಂಗಡಿಯ ಖಾತೆ ನಂಬರ್ ಕೊಟ್ಟರು. ದುಡ್ಡು ಅಲ್ಲಿಗೇ ಬಂದರೆ ಅನುಕೂಲ ಅಂತ. ಆ ಖಾತೆ ಇರೋದು ಅಂಗಡಿಯ ಹೆಸರಲ್ಲಿ, ಅವರ ಹೆಸರಲ್ಲಿ ಅಲ್ಲ. ಉಳಿತಾಯವೋ ಕರೆಂಟೋ ಅನ್ನೋದು ಸುಮ್ನೆ ಒಂದು ಟಿಕ್ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಬಗೆ ಬದಲಾದರೆ ಖಾತೆಯೇ ಬದಲಾಗುತ್ತದೆ, ಅದರ ಜೊತೆಗೆ ಹೆಸರೂ ಬದಲಾಗಬಹುದು.

ಮೂರನೇ ಸಲ ನಾನೇ ಪಕ್ಕದಲ್ಲಿ ಕೂತೆ. ಉಳಿತಾಯ ಖಾತೆಯ ಪಾಸ್‌ಬುಕ್ಕಿನ ಮೊದಲ ಪುಟ ತೆರೆದಿಟ್ಟುಕೊಂಡು, ನೆನಪಿಂದ ಒಂದಕ್ಷರವೂ ಬರೆಯದೆ ನೋಡಿ ನೋಡಿ ತುಂಬಿದೆವು. ಶಾಖೆಯ ಕೋಡ್ ಕೂಡ ಅಲ್ಲಿಂದಲೇ. ಚಿಕ್ಕಮ್ಮ ಈಗ ಹೋಗೋದು ಮನೆ ಹತ್ತಿರದ ಶಾಖೆಗೆ, ಖಾತೆ ಇರೋದು ಹಳೇ ಶಾಖೆಯಲ್ಲಿ. ಪಾಸ್‌ಬುಕ್ ತೀರಾ ಹಳೆಯದಾಗಿದ್ದು, ನಡುವೆ ಶಾಖೆಗಳು ವಿಲೀನವಾಗಿದ್ದರೆ ಮಾತ್ರ ಕೋಡ್ ಬದಲಾಗಿರಬಹುದು, ಹೊಸ ಸ್ಟೇಟ್‌ಮೆಂಟ್ ನೋಡಬೇಕು. ನಂಬರ್ ಮುಂದೆ ಎರಡು ಸೊನ್ನೆ ಇದ್ದವು. 'ಬೆಲೆ ಇಲ್ಲದ ಸೊನ್ನೆ' ಅಂತ ಅವರು ಬಿಡಲು ಹೊರಟಿದ್ದರು! ಖಾತೆ ನಂಬರ್ ಲೆಕ್ಕದ ಸಂಖ್ಯೆ ಅಲ್ಲ, ಮುಂದಿನ ಸೊನ್ನೆಯೂ ಅದರ ಭಾಗ.

ಹೆಸರು ಹೊಂದದೆ ವಾಪಸ್ ಬಂದರೆ ಸಿಟ್ಟು ಬರುತ್ತದೆ, ಆದರೂ ಅದು ವಾಸಿ. ಹೆಸರು ನೋಡದೆ ಬರೀ ನಂಬರ್ ಮೇಲೆ ಹಣ ಹಾಕುವ ವ್ಯವಸ್ಥೆಗಳೂ ಇವೆ. ಅಲ್ಲಿ ಒಂದಂಕಿ ತಪ್ಪಿ ಅದು ಬೇರೆ ಯಾರದೋ ಖಾತೆಯ ನಂಬರ್ ಆಗಿಬಿಟ್ಟರೆ, ದುಡ್ಡು ಅವರಿಗೆ ಹೋಗಿ ಕೂರುತ್ತದೆ. ವಾಪಸ್ ಪಡೆಯಲು ಅಲೆದಾಟ ಜಾಸ್ತಿ.

ವಾಪಸ್ ಬಂದಾಗ ಕಾರಣ ಕೇಳಿ. 'ಹೆಸರು ಹೊಂದಿಲ್ಲ' ಅಂದರೆ ಪಾಸ್‌ಬುಕ್ ತೆಗೀರಿ. 'ಅಂಥ ಖಾತೆ ಇಲ್ಲ' ಅಂದರೆ ನಂಬರ್, ಕೋಡ್ ನೋಡಿ. ಚಿಕ್ಕಮ್ಮ ಕಾರಣವನ್ನೇ ಕೇಳಿರಲಿಲ್ಲ, ಫೋನ್ ಮಾಡಿ ಬೈದಿದ್ದರು ಅಷ್ಟೇ.