ಆ ಕೂಸು ಏನ್ ತಪ್ಪು ಮಾಡಿತ್ರೀ?

2019ರ ಆಗಸ್ಟ್‌ನ್ಯಾಗ ಮಲಪ್ರಭಾ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ಹೊಕ್ಕಿತ್ತು. ನಮ್ಮ ಬಾಗಲಕೋಟಿ ಕಡೆ ಆವಾಗ ಎದ್ದ ಪ್ರಶ್ನೆ ಇನ್ನೂ ನನ್ನ ತಲ್ಯಾಗ ಐತಿ. ದೇವ್ರ ಕೈಲಿ ಎಲ್ಲಾ ಆಕ್ಕೈತಿ ಅಂತೀವಿ, ನಮ್ಮ ಮ್ಯಾಲ ಪ್ರೀತೀನೂ ಐತಿ ಅಂತೀವಿ, ಮತ್ತ ಏನೂ ಅರೀದ ಕೂಸಿಗೆ ಸಂಕಟ ಯಾಕ? ಕೇಳಿದ ಕೂಡ್ಲೇ ಬರೋ ಉತ್ತರ, "ಹಿಂದಿನ ಜನ್ಮದ ಕರ್ಮರೀ".

ಇದು ಸುಮ್ನ ಬಾಯಿಗೆ ಬಂದ ಮಾತಲ್ಲ. ಒಬ್ಬಗ ಸುಖ ಇನ್ನೊಬ್ಬಗ ದುಃಖ ಕೊಟ್ರ ದೇವ್ರು ಪಕ್ಷಪಾತಿ, ನಿರ್ದಯಿ ಆಗೂದಿಲ್ಲೇನು ಅಂತ ಬ್ರಹ್ಮಸೂತ್ರದ ಎರಡನೇ ಅಧ್ಯಾಯದಾಗನ ಚರ್ಚೆ ಐತಿ. ಅಲ್ಲಿ ಶಂಕರರು ಮಳಿ ಉದಾಹರಣೆ ಕೊಡ್ತಾರ. ಮಳಿ ಎಲ್ಲಾ ಬೆಳಿಗೂ ಒಂದ, ಆದ್ರ ಭತ್ತ ಭತ್ತನ ಆಗೂದು, ಜವೆ ಜವೆನ ಆಗೂದು ಅದರದರ ಬೀಜದಿಂದ. ಹಂಗ ದೇವ್ರು ಎಲ್ಲಾರಿಗೂ ಒಂದ, ಫಲ ಮಾತ್ರ ಅವರವರ ಕರ್ಮದ್ದು. ಹಂಗಾರ ಸೃಷ್ಟಿಗಿಂತ ಮೊದ್ಲು ಕರ್ಮ ಎಲ್ಲಿತ್ತು ಅಂತ ಮುಂದಿನ ಸೂತ್ರದಾಗ ಕೇಳಿ, ಸಂಸಾರಕ್ಕ ಮೊದಲು ಅನ್ನೂದ ಇಲ್ಲ, ಅದು ಅನಾದಿ ಅಂತ ಮುಗಸ್ತಾರ. ಜೈನರಿಗೆ ಸೃಷ್ಟಿಕರ್ತನ ಇಲ್ಲ, ಹಿಂಗಾಗಿ ದೇವ್ರ ಮ್ಯಾಲ ತಕರಾರು ಹುಟ್ಟೂದ ಇಲ್ಲ, ಕರ್ಮ ತಾನ ಕೆಲಸ ಮಾಡ್ತೈತಿ.

ತರ್ಕ ಗಟ್ಟಿ ಐತಿ, ಒಪ್ತೀನಿ. ಆದ್ರ ಯಾವ ಕರ್ಮಕ್ಕ ಅಂತ ನೆನಪ ಇರದ ಕೂಸಿಗೆ ಆ ಶಿಕ್ಷೆಯಿಂದ ಏನ್ ತಿಳೀತೈತಿ? ಕ್ಷಮಿಸೋ ಶಕ್ತಿ ಇರೋ ದೇವ್ರು ಲೆಕ್ಕ ಯಾಕ ಚುಕ್ತಾ ಮಾಡಸ್ಕೋಬೇಕು? ಅಲ್ಲಿಗೆ ಬಂದ್ರ ನನಗ ದಾರಿ ಕಾಣೂದಿಲ್ಲ.

ಇಸ್ಲಾಂ ಚಿಂತಕರಲ್ಲೂ ಇದ ಜಗಳ ನಡದೈತಿ. ದೇವ್ರು ಮನುಷ್ಯಾಗ ಒಳ್ಳೇದನ್ನ ಮಾಡ್ತಾನ ಅಂತ ಬಸ್ರಾದ ಜುಬ್ಬಾಯಿ ವಾದ. ಅವರ ಶಿಷ್ಯ ಅಶ್ಅರಿ ಮೂರು ಮಂದಿ ಅಣ್ಣತಮ್ಮರ ಕಥಿ ಇಟ್ಟು ಕೇಳಿದ್ರಂತ. ಒಬ್ಬ ಭಕ್ತ, ಸ್ವರ್ಗದಾಗ ಮ್ಯಾಲಿನ ಜಾಗ ಸಿಕ್ತು. ಒಬ್ಬ ದೇವ್ರನ್ನ ಒಪ್ಪದಾಂವ, ನರಕ. ಇನ್ನೊಬ್ಬ ಸಣ್ಣಾಂವ ಇದ್ದಾಗನ ಸತ್ತಾನ, ಅವಗ ಮ್ಯಾಲಿನ ಜಾಗ ಇಲ್ಲ. ನನ್ನನ್ನೂ ಬದುಕಿಸಿದ್ರ ನಾನೂ ಪುಣ್ಯ ಗಳಸ್ತಿದ್ದೆ ಅಂತ ಅಂವ ಅಂದ್ರ, ದೇವ್ರು "ದೊಡ್ಡಾಂವ ಆದ್ರ ನೀ ಪಾಪ ಮಾಡ್ತಿದ್ದಿ, ನಿನ್ನ ಒಳ್ಳೇದಕ್ಕ ಬ್ಯಾಗ ಕರಕೊಂಡೆ" ಅಂತಾನ. ಆವಾಗ ನರಕದಾಗಿಂದ ಇನ್ನೊಬ್ಬ ಕೂಗ್ತಾನ, "ಮತ್ತ ನನ್ನ ಯಾಕ ಸಣ್ಣಾಂವ ಇದ್ದಾಗ ಕರಕೊಳ್ಳಿಲ್ಲ?" ಗುರುವಿನ ಹತ್ರ ಉತ್ತರ ಇರಲಿಲ್ಲ. ದೇವ್ರ ಕೆಲಸನ ನಮ್ಮ ನ್ಯಾಯದ ಅಳತಿಗೆ ತರಾಕ ಆಗೂದಿಲ್ಲ ಅನ್ನೂದು ಅಶ್ಅರಿ ಪಂಥದ ನಿಲುವು. ಅದು ನನಗ ಪೂರಾ ಒಪ್ಪಿಗಿ ಇಲ್ಲ, ಯಾಕಂದ್ರ ಆಮ್ಯಾಲ ದೇವ್ರು ನ್ಯಾಯವಂತ ಅನ್ನೋ ಮಾತಿಗೆ ಅರ್ಥ ಏನು ಉಳೀತೈತಿ?

ನನಗ ಹೆಚ್ಚು ನಾಟಿದ್ದು ಬೈಬಲ್‌ನ ಯೋಬನ ಪುಸ್ತಕ. ಮಕ್ಕಳನ್ನ, ಆಸ್ತಿನ, ಆರೋಗ್ಯಾನ ಕಳಕೊಂಡ ಯೋಬನ ಹತ್ರ ಗೆಳೆಯರು ಏಳು ದಿನ ಮಾತಾಡದ ಕುಂದರ್ತಾರ, ಆಮ್ಯಾಲ ನೀ ಏನೋ ಪಾಪ ಮಾಡಿರ್ಬೇಕು ಅಂತ ಶುರು ಮಾಡ್ತಾರ, ಯೋಬ ಒಪ್ಪೂದಿಲ್ಲ, ದೇವ್ರ ಜೋಡಿನ ವಾದಕ್ಕ ನಿಂದರ್ತಾನ. ಕೊನಿಗೆ ದೇವ್ರು ಸಿಟ್ಟಾಗೂದು ತನ್ನ ಪರ ಮಾತಾಡಿದ ಆ ಗೆಳೆಯರ ಮ್ಯಾಲ, ಯೋಬ ಹೇಳಿದ್ದ ಸರಿ ಅಂತಾನ. ಸಂಕಟ ಯಾಕ ಬಂತು ಅಂತ ಮಾತ್ರ ಯೋಬನಿಗೆ ಹೇಳೂದ ಇಲ್ಲ.