ಉತ್ತರ ಹೇಳಬೇಡ, ಪ್ರಶ್ನೆ ಕೇಳು

ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಕನ್ನಡ ಮಾಧ್ಯಮ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ 80ಕ್ಕೆ 41 ಬಂತು. ಅವಳು ಓದಿರಲಿಲ್ಲ ಅಂತ ಹೇಳುವ ಹಾಗಿಲ್ಲ. ಬೆಳಕಿನ ಪಾಠವನ್ನು ನನ್ನ ಕಣ್ಣೆದುರೇ ಮೂರು ಸಲ ಓದಿದ್ದಳು. ಪುಸ್ತಕದ ತುಂಬ ಹಳದಿ ಗೆರೆ. ಕೇಳಿದರೆ "ಎಲ್ಲ ಬರುತ್ತೆ ಅಮ್ಮ" ಅನ್ನುತ್ತಿದ್ದಳು. ಅದು ಸುಳ್ಳಲ್ಲ. ಪುಸ್ತಕ ಮುಂದಿದ್ದಾಗ ಎಲ್ಲವೂ ಬರುತ್ತಿತ್ತು. ಪುಸ್ತಕ ಮುಚ್ಚಿದ ಮೇಲೆ ಎಷ್ಟು ಬರುತ್ತದೆ ಅಂತ ಅವಳೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಆಗ ನನ್ನ ಫೋನಿನಲ್ಲಿ ಚಾಟ್‌ಬಾಟ್ ಹಾಕಿಕೊಟ್ಟೆ. ಮೊದಲ ಹದಿನೈದು ದಿನ ನಾವಿಬ್ಬರೂ ಅದನ್ನು ತಪ್ಪಾಗಿ ಬಳಸಿದೆವು. ಪಾಠದ ಕೊನೆಯ ಪ್ರಶ್ನೆಗಳನ್ನು ಅವಳು ಟೈಪ್ ಮಾಡುತ್ತಿದ್ದಳು, ಅದು ಉತ್ತರ ಕೊಡುತ್ತಿತ್ತು, ಇವಳು ನೋಟ್ಸಿಗೆ ಇಳಿಸುತ್ತಿದ್ದಳು. ನೋಟ್ಸ್ ಬಹಳ ಚೆನ್ನಾಗಿತ್ತು. ಒಂದು ಭಾನುವಾರ ಅದೇ ನೋಟ್ಸಿನಿಂದ ಒಂದು ಲೆಕ್ಕ ತೆಗೆದು, ಅಂಕಿ ಬದಲಾಯಿಸಿ ಕೊಟ್ಟೆ. ಸೂತ್ರ ಬರೆದಳು, ಅಲ್ಲಿಗೇ ನಿಂತಳು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ಮಕ್ಕಳನ್ನು ಇಟ್ಟುಕೊಂಡು ಗಣಿತದಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. ಸಾಮಾನ್ಯ ಚಾಟ್‌ಬಾಟ್ ಸಿಕ್ಕ ಮಕ್ಕಳು ಅಭ್ಯಾಸದ ಹೊತ್ತಿನಲ್ಲಿ ಉಳಿದವರಿಗಿಂತ ಶೇಕಡ 48ರಷ್ಟು ಚೆನ್ನಾಗಿ ಮಾಡಿದರು. ಆಮೇಲೆ ಅದನ್ನು ತೆಗೆದು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟದೇ ಇದ್ದ ಮಕ್ಕಳಿಗಿಂತ ಶೇಕಡ 17ರಷ್ಟು ಕೆಳಗೆ ಬಿದ್ದರು. ಮೂರನೇ ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಹಾಗೆ ತಯಾರು ಮಾಡಿದ ಚಾಟ್‌ಬಾಟ್ ಕೊಟ್ಟಿದ್ದರು. ಅವರಿಗೆ ಈ ಪೆಟ್ಟು ಹೆಚ್ಚು ಕಡಿಮೆ ಬೀಳಲೇ ಇಲ್ಲ. ಅಂದರೆ ಚಾಟ್‌ಬಾಟ್ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳಕ್ಕಿಂತ, ಅದು ಉತ್ತರವನ್ನು ಯಾವಾಗ ಕೊಡುತ್ತದೆ ಅನ್ನುವುದೇ ದೊಡ್ಡ ವಿಷಯ.

ಇದನ್ನು ತಿಳಿದ ಮೇಲೆ ನಾವು ಪಾತ್ರ ಅದಲು ಬದಲು ಮಾಡಿದೆವು. ಪ್ರಶ್ನೆ ಕೇಳುವ ಕೆಲಸ ಅದರದು, ಉತ್ತರ ಬರೆಯುವ ಕೆಲಸ ಇವಳದು. ನಾವು ಹಾಕುವ ಸೂಚನೆ ಇಷ್ಟು, ಬೇಕಾದವರು ಹೀಗೇ ಬಳಸಿಕೊಳ್ಳಿ:

"ನಾನು ಎಸ್ಸೆಸ್ಸೆಲ್ಸಿ, ಕನ್ನಡ ಮಾಧ್ಯಮ. ಕೆಳಗೆ ಹಾಕಿರುವ ಪಾಠದಿಂದ ಮಾತ್ರ ಪ್ರಶ್ನೆ ಕೇಳು. ಪಾಠದಲ್ಲಿರುವ ಪದಗಳನ್ನೇ ಬಳಸು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಆಯ್ಕೆಗಳನ್ನು ಕೊಡಬೇಡ. ನಾನು ಉತ್ತರ ಬರೆಯುವ ತನಕ ಕಾಯಿ. ತಪ್ಪಾದರೆ ಸರಿ ಉತ್ತರ ಹೇಳಬೇಡ, ಒಂದು ಸುಳಿವು ಕೊಡು. ಮೂರನೇ ಸಲವೂ ತಪ್ಪಾದರೆ ಮಾತ್ರ ಬಿಡಿಸಿ ತೋರಿಸು. ಆಮೇಲೆ ಅದೇ ರೀತಿಯ ಬೇರೆ ಲೆಕ್ಕ ಕೊಡು."

ಪಾಠದ ಪದ ಅಂತ ಯಾಕೆ ಹೇಳಬೇಕು ಗೊತ್ತಾ? ನಮ್ಮ ಪುಸ್ತಕದಲ್ಲಿ ಸಂಗಮದೂರ ಅಂತ ಇದ್ದರೆ ಇದು ಒಂದು ಸಲ ನಾಭಿದೂರ ಅನ್ನುತ್ತದೆ, ಇನ್ನೊಂದು ಸಲ ಫೋಕಲ್ ಉದ್ದ ಅನ್ನುತ್ತದೆ. ಕನ್ನಡ ಮಾಧ್ಯಮದ ಮಗು ಅಲ್ಲೇ ಗಲಿಬಿಲಿಯಾಗುತ್ತದೆ. ಪಾಠದ ಫೋಟೋ ಹಾಕಿದರೆ ಒತ್ತಕ್ಷರಗಳನ್ನು ಕೆಲವು ಸಲ ತಪ್ಪಾಗಿ ಓದಿಕೊಳ್ಳುತ್ತದೆ. ಅದಕ್ಕೇ ಫೋಟೋ ಹಾಕಿದ ದಿನ, ಏನು ಓದಿಕೊಂಡೆ ಅಂತ ಮೊದಲು ಬರೆದು ತೋರಿಸಲು ಹೇಳುತ್ತೇವೆ.

ಒಂದು ದಿನದ ಲೆಕ್ಕವನ್ನು ಪೂರ್ತಿ ಹೇಳುತ್ತೇನೆ. ಪ್ರಶ್ನೆ ಇದು: ನಿಮ್ನ ದರ್ಪಣದ ಸಂಗಮದೂರ 15 ಸೆಂ.ಮೀ. ವಸ್ತುವನ್ನು 10 ಸೆಂ.ಮೀ. ದೂರದಲ್ಲಿ ಇಟ್ಟಿದೆ. ಪ್ರತಿಬಿಂಬ ಎಲ್ಲಿ ಬೀಳುತ್ತದೆ, ಎಂಥದ್ದು?

ಸೂತ್ರ 1/v + 1/u = 1/f. ಇಲ್ಲಿ v ಪ್ರತಿಬಿಂಬದ ದೂರ, u ವಸ್ತುವಿನ ದೂರ, f ಸಂಗಮದೂರ. ವಸ್ತು ದೂರಕ್ಕೆ ಮೈನಸ್ ಹಾಕಬೇಕು ಅನ್ನುವುದು ಅವಳಿಗೆ ನೆನಪಿತ್ತು, u = −10 ಅಂತ ಬರೆದಳು. ನಿಮ್ನ ದರ್ಪಣದ ಸಂಗಮದೂರಕ್ಕೂ ಮೈನಸ್ ಬರುತ್ತದೆ ಅನ್ನುವುದು ಮರೆತು f = 15 ಅಂತ ಹಾಕಿದಳು. 1/v = 1/15 + 1/10, ಅಂದರೆ 5/30. ಹಾಗಾಗಿ v = 6 ಸೆಂ.ಮೀ. ಲೆಕ್ಕದ ಕೂಡಿಸುವಿಕೆಯಲ್ಲಿ ಒಂದು ತಪ್ಪೂ ಇಲ್ಲ. ಅದಕ್ಕೇ ಅವಳಿಗೆ ಅನುಮಾನವೂ ಬರಲಿಲ್ಲ.

ಮೊದಲಿನ ಹಾಗೆ ಬಳಸಿದ್ದರೆ ಅದು ತಕ್ಷಣ 30 ಅಂತ ಹೇಳಿಬಿಡುತ್ತಿತ್ತು. ಇವಳು "ಓ, ಮೈನಸ್" ಅಂದುಕೊಂಡು ಮುಂದೆ ಹೋಗುತ್ತಿದ್ದಳು. ಈ ಸಲ ಬಂದ ಸುಳಿವು ಬೇರೆ ಥರ ಇತ್ತು. ನಿನ್ನ ಉತ್ತರದ ಪ್ರಕಾರ ಪ್ರತಿಬಿಂಬ ವಸ್ತುವಿಗಿಂತ ದೊಡ್ಡದೋ ಚಿಕ್ಕದೋ ನೋಡು, ನಿಮ್ನ ದರ್ಪಣಕ್ಕೆ ಅಷ್ಟು ಹತ್ತಿರ ಇಟ್ಟ ವಸ್ತು ಹಾಗೆ ಕಾಣುತ್ತದಾ ಯೋಚಿಸು ಅಂತ. ಅವಳು ವರ್ಧನೆ ಲೆಕ್ಕ ಹಾಕಿದಳು. −v/u ಅಂದರೆ 6/10, ಅಂದರೆ 0.6. ಚಿಕ್ಕದು. ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಎದ್ದುಹೋಗಿ ಅವರಪ್ಪ ಶೇವಿಂಗ್ ಮಾಡುವ ಗುಂಡು ಕನ್ನಡಿ ತಂದು ಮುಖ ಹತ್ತಿರ ಹಿಡಿದಳು. ಮುಖ ದೊಡ್ಡದಾಗಿ ಕಂಡಿತು. "ಅಮ್ಮ, ಚಿಕ್ಕದಾಗೋದು ಬೈಕಿನ ಕನ್ನಡಿಯಲ್ಲಿ ಅಲ್ವಾ? ನಾನು ಪೀನ ದರ್ಪಣದ ಲೆಕ್ಕ ಮಾಡಿಬಿಟ್ಟಿದ್ದೀನಿ!"

ನಿಜ. f = +15 ಅಂತ ಹಾಕಿದರೆ ಅದು ಪೀನ ದರ್ಪಣವೇ. ಎರಡನೇ ಸಲ f = −15 ಹಾಕಿದಳು. 1/v = −1/15 + 1/10, ಅಂದರೆ 1/30. v = +30 ಸೆಂ.ಮೀ., ದರ್ಪಣದ ಹಿಂದೆ, ಮಿಥ್ಯ, ನೇರ, ಮೂರು ಪಟ್ಟು ದೊಡ್ಡದು. ಆ ಒಂದು ಲೆಕ್ಕಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷ ನನಗೆ ಬಹಳ ಬೆಲೆಯದ್ದು ಅನ್ನಿಸಿತು.

ತಾಳ್ಮೆಯ ಮಾತಿಗೆ ಬರುತ್ತೇನೆ. ಈ ಪ್ಲಸ್ ಮೈನಸ್ ನಿಯಮವನ್ನು ಅವಳು ಒಂದೇ ವಾರದಲ್ಲಿ ಎಷ್ಟೋ ಸಲ ತಪ್ಪಿದ್ದಾಳೆ. ಟ್ಯೂಷನ್ನಿನಲ್ಲಿ ನಲವತ್ತು ಮಕ್ಕಳ ಮಧ್ಯೆ ಅದೇ ಪ್ರಶ್ನೆಯನ್ನು ಐದನೇ ಸಲ ಕೇಳಲು ಯಾವ ಮಗುವಿಗೂ ನಾಚಿಕೆಯಾಗುತ್ತದೆ. ಇದರ ಹತ್ತಿರ ಆ ಸಂಕೋಚ ಇಲ್ಲ. ಅವಳು ಓದಿನಲ್ಲಿ ಹೆದರಿಕೆ ಬಿಟ್ಟು ತಪ್ಪು ಮಾಡಿದ್ದನ್ನು ನಾನು ಮೊದಲು ನೋಡಿದ್ದು ಇಲ್ಲೇ.

ಆದರೆ ಅದೇ ತಾಳ್ಮೆಗೆ ಇನ್ನೊಂದು ಮುಖ ಇದೆ. ಅದು ಬೇಗ ಸೋತು ಬಿಡುತ್ತದೆ. ಒಂದು ದಿನ ನಾನೇ ಪರೀಕ್ಷಿಸಿದೆ. ಮೇಲಿನ ಲೆಕ್ಕಕ್ಕೇ, ಇಲ್ಲ, ನಮ್ಮ ಟೀಚರ್ 6 ಅಂತಲೇ ಹೇಳಿದ್ದಾರೆ ಎಂದು ಗಟ್ಟಿಯಾಗಿ ಬರೆದೆ. ಕ್ಷಮೆ ಕೇಳಿ 6 ಸರಿ ಅಂತ ಒಪ್ಪಿಕೊಂಡಿತು. ಎದುರಿಗಿರುವವರು ಜೋರು ಮಾಡಿದರೆ ಒಪ್ಪುವ ಈ ಗುಣ ಮಗುವಿಗೆ ಮೊದಲೇ ಗೊತ್ತಿರಬೇಕು. ಅದಕ್ಕೆ ನಮ್ಮಲ್ಲಿ ಒಂದು ಕಟ್ಟುನಿಟ್ಟು: ಉತ್ತರವನ್ನು ಸೂತ್ರಕ್ಕೆ ವಾಪಸ್ ಹಾಕಿ ನೋಡದೆ ಸರಿ ಅಂತ ಗುರುತು ಹಾಕುವ ಹಾಗಿಲ್ಲ. 30 ಹಾಕಿದರೆ 1/30 − 1/10, ಅಂದರೆ −1/15. ಕೊಟ್ಟ ದರ್ಪಣವೇ ವಾಪಸ್ ಬಂತು. 6 ಹಾಕಿದರೆ 1/6 − 1/10, ಅಂದರೆ +1/15. ಅದು ಬೇರೆ ದರ್ಪಣ. ಯಾರು ಹೇಳಿದರು ಅನ್ನುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ.

ಆಯ್ಕೆ ಪ್ರಶ್ನೆ ಯಾಕೆ ಬೇಡ ಅಂದೆ ಅಂತ ಕೆಲವರು ಕೇಳಬಹುದು. ಶುರುವಿನಲ್ಲಿ ನಾವೂ ನಾಲ್ಕು ಆಯ್ಕೆಯ ಪ್ರಶ್ನೆಗಳನ್ನೇ ಮಾಡುತ್ತಿದ್ದೆವು. ಒಂದು ದಿನ ಹತ್ತಕ್ಕೆ ಹತ್ತು ತೆಗೆದಳು. ನನಗೆ ಖುಷಿಯಾಯಿತು. ಅವಳೇ ಬಂದು ಹೇಳಿದಳು, "ಅಮ್ಮ, ಯಾವ ಆಯ್ಕೆ ಉದ್ದ ಇರುತ್ತೋ ಅದೇ ಸರಿ ಇರುತ್ತೆ, ನಾನು ಎರಡು ಪ್ರಶ್ನೆ ಓದಲೇ ಇಲ್ಲ." ಹಿಂದಿನ ಪ್ರಶ್ನೆಗಳನ್ನು ತೆಗೆದು ನೋಡಿದೆ. ಹೌದು, ಸರಿ ಉತ್ತರವನ್ನು ವಿವರವಾಗಿ ಬರೆದು, ತಪ್ಪು ಉತ್ತರಗಳನ್ನು ಎರಡೇ ಪದದಲ್ಲಿ ಮುಗಿಸಿತ್ತು. ಬೋರ್ಡಿನ ಪ್ರಶ್ನೆಪತ್ರಿಕೆಯಲ್ಲಿ ಈ ಜಾಡು ಸಿಗುವುದಿಲ್ಲ. ಆಯ್ಕೆ ಪ್ರಶ್ನೆಗಳ ಅಭ್ಯಾಸಕ್ಕೆ ಈಗ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳನ್ನೇ ಬಳಸುತ್ತೇವೆ.

ಇನ್ನು ಕಿರಣ ಚಿತ್ರ. ಇದಕ್ಕೆ ಚಾಟ್‌ಬಾಟ್ ಹತ್ತಿರ ಹೋಗಲೇಬೇಡಿ. ಅದು ಬರೆದ ಚಿತ್ರದಲ್ಲಿ ಎಷ್ಟೋ ಸಲ ಕಿರಣ ಸಂಗಮಬಿಂದುವಿನ ಮೂಲಕ ಹೋಗದೆ ಎಲ್ಲೋ ಪಕ್ಕದಲ್ಲಿ ಹೋಗಿರುತ್ತದೆ. ಚಿತ್ರಕ್ಕೆ ಪುಸ್ತಕ, ಸ್ಕೇಲು, ಪೆನ್ಸಿಲ್ಲೇ ಗತಿ.

ಮಾತುಕತೆ ಉದ್ದವಾದಂತೆ ಅದು ನಮ್ಮ ಸೂಚನೆಯನ್ನು ಮರೆಯುತ್ತದೆ. ಕೆಲವು ಪ್ರಶ್ನೆ ಆದ ಮೇಲೆ ನಿಧಾನವಾಗಿ ಸುಳಿವಿನ ಜೊತೆ ಉತ್ತರವನ್ನೂ ಸೇರಿಸಿ ಕೊಡಲು ಶುರು ಮಾಡುತ್ತದೆ. ಹಾಗಾದ ತಕ್ಷಣ ಹೊಸ ಚಾಟ್ ತೆರೆದು ಸೂಚನೆಯನ್ನು ಮತ್ತೆ ಹಾಕುತ್ತೇವೆ. ದಿನಕ್ಕೆ ಎಂಟು ಪ್ರಶ್ನೆಗಿಂತ ಜಾಸ್ತಿ ಮಾಡುವುದಿಲ್ಲ. ಫೋನು ಹಾಲ್‌ನಲ್ಲಿ ನನ್ನ ಪಕ್ಕ ಇರುತ್ತದೆ. ಉತ್ತರವನ್ನು ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದು, ಆಮೇಲೆ ಟೈಪ್ ಮಾಡುತ್ತಾಳೆ.

ಆ ನೋಟ್‌ಬುಕ್ಕಿನ ಹಿಂದಿನ ಪುಟಗಳು ತಪ್ಪುಗಳಿಗೇ ಮೀಸಲು. ತಾರೀಖು, ಪ್ರಶ್ನೆ, ಎಲ್ಲಿ ತಪ್ಪಿತು ಅಂತ ಒಂದು ಸಾಲು. ಎರಡು ದಿನ ಬಿಟ್ಟು ಅದೇ ಪ್ರಶ್ನೆ, ಒಂದು ವಾರ ಬಿಟ್ಟು ಮತ್ತೆ. ಆ ಪುಟ ನೋಡಿದಾಗಲೇ ನಮಗೆ ಗೊತ್ತಾಗಿದ್ದು, ಬೆಳಕಿನ ಪಾಠದಲ್ಲಿ ಅವಳ ಅರ್ಧಕ್ಕಿಂತ ಜಾಸ್ತಿ ತಪ್ಪು ಬರೀ ಚಿಹ್ನೆಯದು. ಪಾಠ ಅರ್ಥವಾಗಿತ್ತು. ಮತ್ತೆ ಮತ್ತೆ ಪಾಠ ಓದಿಸುತ್ತಿದ್ದ ನಾನು ಆ ಒಂದು ಜಾಗಕ್ಕೆ ಕೈ ಹಾಕಿರಲಿಲ್ಲ.

ನಿನ್ನೆ ರಾತ್ರಿ ಮಸೂರದ ಲೆಕ್ಕ ಬಂತು. ಸಾಮರ್ಥ್ಯ −2 ಡಯಾಪ್ಟರ್, ಸಂಗಮದೂರ ಎಷ್ಟು, ಯಾವ ಮಸೂರ? ಅವಳು −50 ಸೆಂ.ಮೀ., ನಿಮ್ನ ಮಸೂರ ಅಂತ ಬರೆದಳು. ಚಾಟ್‌ಬಾಟ್ ಸರಿ ಅಂದಿತು. ಆದರೆ ಕೊನೆಯಲ್ಲಿ ಉತ್ತರಗಳ ಪಟ್ಟಿ ಕೊಡುವಾಗ 50 ಸೆಂ.ಮೀ. ಅಂತ ಮೈನಸ್ ಬಿಟ್ಟು ಬರೆಯಿತು. ನಾನು ನೋಡಿರಲಿಲ್ಲ. ಅವಳು ನೋಡಿದಳು. ತಿದ್ದಲು ಟೈಪ್ ಮಾಡುವ ಮೊದಲು ಒಂದನ್ನು −0.5ರಿಂದ ಭಾಗಿಸಿ, −2 ವಾಪಸ್ ಬಂತಾ ಅಂತ ನೋಟ್‌ಬುಕ್ಕಿನಲ್ಲಿ ನೋಡಿಕೊಂಡಳು. ಆಮೇಲೆ ಪೆನ್ನು ನನ್ನ ಕೈಗೆ ಕೊಟ್ಟು, "ಇವತ್ತು ಹಿಂದಿನ ಪುಟದಲ್ಲಿ ಬರೆಯೋಕೆ ನನ್ನದು ಏನೂ ಇಲ್ಲ, ಅದರ ತಪ್ಪು ಬರಿ" ಅಂದಳು. ಬರೆದೆ.