ಇಪ್ಪತ್ತಾರು ಅಂದರೆ ಇಪ್ಪತ್ತಾರನೆಯದಲ್ಲ

ಮೊನ್ನೆ ಭಾನುವಾರ ಅಕ್ಕನ ಮಗ ಮೊಬೈಲ್‌ನಲ್ಲಿ ಸಾಂಬ್ರಾ ವಿಮಾನ ನಿಲ್ದಾಣವನ್ನು ಮೇಲಿನಿಂದ ನೋಡುತ್ತಾ ಕೂತಿದ್ದ. ಉಪಗ್ರಹದ ಚಿತ್ರ. ಎರಡು ಬೆರಳಲ್ಲಿ ಎಳೆದು ಎಳೆದು ದೊಡ್ಡದು ಮಾಡಿದ. ರನ್‌ವೇಯ ಪೂರ್ವದ ತುದಿಯಲ್ಲಿ ಬಿಳಿ ಬಣ್ಣದ 26 ಕಾಣಿಸಿತು.

"ಮಾಮಾ, ನಮ್ಮ ಬೆಳಗಾವಿಗೆ ಇರೂದ ಒಂದ ರನ್‌ವೇ. ಹಂಗಾರ ಉಳದ ಇಪ್ಪತ್ತೈದು ಎಲ್ಲಿ ಹೋದ್ವು?"

ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಮನೆ ನಂಬರು, ವಾರ್ಡ್ ನಂಬರು, ಎಲ್ಲ ಎಣಿಸಿ ಕೊಟ್ಟವೇ ಅಲ್ವಾ? ಆದರೆ ರನ್‌ವೇಯ ನಂಬರು ಎಣಿಕೆಯಲ್ಲ, ದಿಕ್ಕು. ವಿಮಾನ ಆ ತುದಿಯಿಂದ ಓಡುವಾಗ ದಿಕ್ಸೂಚಿ ಎಷ್ಟು ಡಿಗ್ರಿ ತೋರಿಸುತ್ತದೋ ನೋಡಿ, ಅದನ್ನು ಹತ್ತಿರದ ಹತ್ತಕ್ಕೆ ತಂದು, ಕೊನೆಯ ಸೊನ್ನೆ ಅಳಿಸಿಬಿಡುತ್ತಾರೆ. 260 ಡಿಗ್ರಿಯ ಸುತ್ತಮುತ್ತ ಇದ್ದರೆ 26. ಅದೇ ದಾರಿಯಲ್ಲಿ ಎದುರಿನಿಂದ ಬಂದರೆ ದಿಕ್ಕು 180 ಡಿಗ್ರಿ ತಿರುಗಿರುತ್ತದೆ. ಹಾಗಾಗಿ ಆಚೆ ತುದಿಯಲ್ಲಿ 18 ಕಳೆದು 08. ಡಾಂಬರು ಒಂದೇ, ಹೆಸರು ಎರಡು.

"ಅಲ್ಲ, ಪೂರ್ವದ ತುದಿಗೆ ಪಶ್ಚಿಮದ ನಂಬರ್ ಯಾಕ?" ಅಂದ. ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿಗೆ "ಬೆಳಗಾವಿ" ಅಂತ ಬೋರ್ಡ್ ಇರುವುದಿಲ್ವೇನೋ, ಅಂದೆ. ನಂಬರು ಹೇಳುವುದು ನಿಂತ ಜಾಗವನ್ನಲ್ಲ, ಹೋಗುವ ಕಡೆಯನ್ನು. ಮಳೆಗಾಲದಲ್ಲಿ ಘಟ್ಟದ ಕಡೆಯಿಂದ ಛತ್ರಿ ಮುರಿಯುವ ಗಾಳಿ ಬರುತ್ತದಲ್ಲ, ಆಗ ವಿಮಾನಕ್ಕೆ ಇದೇ 26 ಬೇಕು. ವಿಮಾನ ಇಳಿಯುವುದೂ ಏರುವುದೂ ಗಾಳಿಗೆ ಎದೆಕೊಟ್ಟೇ.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ, ಇದರಲ್ಲೊಂದು ತರಲೆ ಇದೆ. ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರ ನಕಾಶೆಯ ಉತ್ತರವಲ್ಲ. ನೆಲದೊಳಗೆ ಸುಮಾರು 2900 ಕಿಲೋಮೀಟರ್ ಕೆಳಗೆ ಕರಗಿದ ಕಬ್ಬಿಣ ಹರಿದಾಡುತ್ತಿರುತ್ತದೆ. ಭೂಮಿಯ ಕಾಂತಶಕ್ತಿ ಹುಟ್ಟುವುದು ಅದರಿಂದಲೇ. ಆ ಹರಿವು ಬದಲಾದಂತೆ ಮುಳ್ಳೂ ನಿಧಾನಕ್ಕೆ ಜರುಗುತ್ತದೆ, ಒಂದೊಂದು ಊರಿನಲ್ಲಿ ಒಂದೊಂದು ಲೆಕ್ಕದಲ್ಲಿ. ರನ್‌ವೇ ಬಿದ್ದಲ್ಲೇ ಬಿದ್ದಿರುತ್ತದೆ, ಅದರ ನಂಬರು ಹಳೆಯದಾಗುತ್ತದೆ.

ಅಮೆರಿಕದ ಫ್ಲೋರಿಡಾದ ಟ್ಯಾಂಪಾದಲ್ಲಿ ಹೀಗೇ ಆಯಿತು. ಅಲ್ಲಿನ ಮುಖ್ಯ ರನ್‌ವೇ ಹೆಚ್ಚುಕಡಿಮೆ ನೇರ ಉತ್ತರ-ದಕ್ಷಿಣ. ನಕಾಶೆಯ ಲೆಕ್ಕದಲ್ಲಿ ದಕ್ಷಿಣಕ್ಕೆ ಹೋಗುವವನಿಗೆ ಸುಮಾರು 181 ಡಿಗ್ರಿ. ಕಟ್ಟಿದ ಕಾಲಕ್ಕೆ ಅಲ್ಲಿ ಮುಳ್ಳಿನ ತಪ್ಪು ತೀರಾ ಕಡಿಮೆ, ಆದ್ದರಿಂದ ಹೆಸರು 18. ಮುಂದಿನ ದಶಕಗಳಲ್ಲಿ ಮುಳ್ಳು ಪಶ್ಚಿಮಕ್ಕೆ ವಾಲುತ್ತಾ ಸುಮಾರು 5 ಡಿಗ್ರಿ ಸರಿಯಿತು. ಅಳತೆಯ ಕೋಲು ಎಡಕ್ಕೆ ಸರಿದರೆ ಅಳೆದದ್ದು ಜಾಸ್ತಿ ಬರಬೇಕು, ಅಲ್ವಾ? 181ಕ್ಕೆ 5 ಕೂಡಿಸಿದರೆ 186. ಹತ್ತಿರದ ಹತ್ತು ಈಗ 180 ಅಲ್ಲ, 190. 2011ರ ಜನವರಿಯಲ್ಲಿ ರನ್‌ವೇಯನ್ನು ಸುಮಾರು ಒಂದು ವಾರ ಮುಚ್ಚಿ, 18 ಅಳಿಸಿ 19 ಬರೆದರು. ಆಚೆ ತುದಿಯ 36 ಹೋಗಿ 1 ಬಂತು, ಗಡಿಯಾರದಲ್ಲಿ ಹನ್ನೆರಡಾದ ಮೇಲೆ ಒಂದು ಬಂದ ಹಾಗೆ.

ಬಣ್ಣ ಬಳಿಯುವುದು ಇದರಲ್ಲಿ ಸಣ್ಣ ಕೆಲಸ. ಪಕ್ಕದ ದೀಪದ ಬೋರ್ಡುಗಳು, ಪೈಲಟ್‌ಗಳ ನಕ್ಷೆಗಳು, ವಿಮಾನದ ಕಂಪ್ಯೂಟರಿನ ಮಾಹಿತಿ, ಎಲ್ಲ ಒಂದೇ ದಿನ ಬದಲಾಗಬೇಕು. ಅದಕ್ಕೇ ಜಗತ್ತಿನ ವಿಮಾನ ನಕ್ಷೆಗಳಿಗೆ 28 ದಿನಕ್ಕೊಮ್ಮೆ, ಗುರುವಾರ, ಬದಲಾವಣೆಯ ಮುಹೂರ್ತ ಇಟ್ಟಿದ್ದಾರೆ. ನಮಗೂ ಇದು ಹೊಸದೇನಲ್ಲ. 2014ರ ನವೆಂಬರ್ 1ಕ್ಕೆ ಬೆಳಗಾಂ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಊರು ಒಂದಿಂಚೂ ಸರಿಯಲಿಲ್ಲ, ಪೇಂಟರ್‌ಗಳಿಗೆ ಮಾತ್ರ ಕೈತುಂಬ ಕೆಲಸ.

ಸಾಂಬ್ರಾದ ಪೇಂಟರ್‌ಗೆ ಅಂಥ ಅದೃಷ್ಟ ಬೇಗ ಬರಲಿಕ್ಕಿಲ್ಲ. ನಮ್ಮ ಕಡೆ ಮುಳ್ಳಿನ ತಪ್ಪು ಒಂದು ಡಿಗ್ರಿಯ ಆಸುಪಾಸು, ಸರಿಯುವುದೂ ನಿಧಾನ. ಸರಿಯಾಗಿ 80ಕ್ಕೋ 90ಕ್ಕೋ ಕೂತ ರನ್‌ವೇಗೆ ನಂಬರು ಬದಲಾಗಬೇಕೆಂದರೆ ಐದು ಡಿಗ್ರಿ ಸರಿಯಬೇಕು. 84ರಲ್ಲೋ 85ರಲ್ಲೋ ಕೂತವನಿಗೆ ಮಾತ್ರ ಚೂರು ಅಲುಗಿದರೂ ಗೃಹಚಾರ.

ಇಷ್ಟು ಕೇಳಿದ್ದೇ ತಡ, ಹುಡುಗ ಮೊಬೈಲಿನ ದಿಕ್ಸೂಚಿ ತೆಗೆದು ನಮ್ಮ ಪೂರ್ವದ ಬಾಗಿಲ ಹೊಸ್ತಿಲ ಮೇಲೆ ಹೊರಗೆ ಮುಖ ಮಾಡಿ ನಿಂತ. ಕಬ್ಬಿಣದ ಗೇಟಿನ ಹತ್ತಿರ ಹೋದರೆ ಒಂದು, ದೂರ ಬಂದರೆ ಇನ್ನೊಂದು. ಕೊನೆಗೆ ಗೇಟಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದಾಗ 84ಕ್ಕೆ ನಿಂತಿತು.

"ಮಾಮಾ! ನಮ್ಮ ಬಾಗಲಾ ಸೊನ್ನೆ ಎಂಟು. ಇನ್ನೆರಡ ಡಿಗ್ರಿ ಸರದ್ರ ಸೊನ್ನೆ ಒಂಬತ್ತು!"

ಒಳಗಿನಿಂದ ಅವ್ವ ಕೂಗಿದಳು. "ಎಷ್ಟರ ಆಗವಲ್ದಾಕ, ಮೊದಲ ಅದನ್ನ ಮುಚ್ಚು. ಸೊಳ್ಳಿ ಬರಾಕತ್ತಾವು."